ಸೆಲ್ಫ್ ಅಪ್ರೈಸಲ್ ಪರಿಶೀಲನೆ: "19 ದಿನ 11 ಆಯಿತು" ಎಂಬ ಸಾಲನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಈ ವರ್ಷವಷ್ಟೇ ಟೀಮ್ ಲೀಡ್ ಆಗಿದ್ದೇನೆ. ಸರಬರಾಜುದಾರರ ಬಿಲ್‌ಗಳನ್ನು ಪರಿಶೀಲಿಸಿ ಪಾವತಿಗೆ ಕಳಿಸುವ ಸಣ್ಣ ತಂಡ ನಮ್ಮದು. ತಂಡದ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಸೆಲ್ಫ್ ಅಪ್ರೈಸಲ್ ಡ್ರಾಫ್ಟ್ ಕಳಿಸಿ, "ಸಬ್‌ಮಿಟ್ ಮಾಡೋ ಮೊದಲು ಒಮ್ಮೆ ನೋಡಿ" ಎಂದಿದ್ದಾರೆ. ಮೂರು ಪುಟ ಇದೆ. "ಬಿಲ್ ಪಾವತಿಯ ಸಮಯವನ್ನು 19 ದಿನದಿಂದ 11 ದಿನಕ್ಕೆ ಇಳಿಸಿದೆ" ಎಂದು ಬರೆದಿದ್ದಾರೆ. ಆದರೆ ಜುಲೈನಲ್ಲಿ ಕಂಪನಿಯೇ ಹೊಸ ಸ್ಕ್ಯಾನಿಂಗ್ ಸಾಫ್ಟ್‌ವೇರ್ ತಂದಿತ್ತು. "ಬೇರೆಯವರ ಸಹಕಾರ ಇಲ್ಲದಿದ್ದರೂ ಒಬ್ಬಳೇ ನಿಭಾಯಿಸಿದೆ" ಎಂಬ ಸಾಲೂ ಇದೆ. ಸುಧಾರಿಸಿಕೊಳ್ಳಬೇಕಾದ್ದು ಏನು ಎಂಬಲ್ಲಿ "ನಾನು ಪರ್ಫೆಕ್ಷನಿಸ್ಟ್, ಯಾರಿಗೂ ಇಲ್ಲ ಅನ್ನೋಕೆ ಬರಲ್ಲ" ಅಂತಿದೆ. ಅವರು ನಿಜಕ್ಕೂ ಒಳ್ಳೆಯ ಕೆಲಸಗಾರರು. ಬೇಸರ ಮಾಡದೆ ಏನು ನೋಡಬೇಕು, ಹೇಗೆ ಹೇಳಬೇಕು?

ಉತ್ತರ: ಆ ಡ್ರಾಫ್ಟನ್ನು ಸದ್ಯಕ್ಕೆ ಮುಚ್ಚಿಡಿ. ಒಂದು ಖಾಲಿ ಹಾಳೆ ತೆಗೆದುಕೊಂಡು, ಈ ವರ್ಷ ಅವರು ಮಾಡಿದ್ದರಲ್ಲಿ ನಿಮಗೆ ನೆನಪಿರುವ ಮುಖ್ಯ ಕೆಲಸಗಳನ್ನು ನಿಮ್ಮದೇ ಮಾತಿನಲ್ಲಿ ನಾಲ್ಕೈದು ಸಾಲು ಬರೆಯಿರಿ. ಎಲ್ಲಿ ಎಡವಿದರು ಅನ್ನಿಸಿತೋ ಅದನ್ನೂ ಬರೆಯಿರಿ. ನೀವು ಈಗಾಗಲೇ ಒಮ್ಮೆ ಓದಿಬಿಟ್ಟಿರುವುದರಿಂದ ಇದು ಪೂರ್ತಿ ಸ್ವತಂತ್ರ ಅಭಿಪ್ರಾಯ ಆಗಲಾರದು. ಆದರೂ ಬರೆಯಿರಿ. ಉಳಿದವರ ಡ್ರಾಫ್ಟ್ ಬರುವಾಗ ಮಾತ್ರ ಇದನ್ನು ತೆರೆಯುವ ಮೊದಲೇ ಮಾಡಿ. ಕಾರಣ ಸರಳ. ಬೇರೆಯವರು ಇಟ್ಟ ಅಂದಾಜು ಮೊದಲು ಕಣ್ಣಿಗೆ ಬಿದ್ದರೆ ನಮ್ಮ ಅಂದಾಜು ಅದರ ಸುತ್ತಲೇ ಸುತ್ತುತ್ತದೆ. ಅವರು ತಮಗೆ ಐದಕ್ಕೆ ಐದು ಕೊಟ್ಟುಕೊಂಡಿದ್ದರೆ ನೀವು ನಾಲ್ಕೂವರೆಗೆ ಇಳಿದು ಭಾರೀ ಕಟ್ಟುನಿಟ್ಟು ಮಾಡಿದೆ ಅಂದುಕೊಳ್ಳುತ್ತೀರಿ. ಮೂರು ಕೊಟ್ಟುಕೊಂಡಿದ್ದರೆ ಮೂರೂವರೆ ಕೊಟ್ಟು ಉದಾರಿ ಅನ್ನಿಸಿಕೊಳ್ಳುತ್ತೀರಿ. ಎರಡೂ ಕಡೆ ಲೆಕ್ಕ ಶುರುವಾದದ್ದು ಅವರ ಅಂಕಿಯಿಂದ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಈಗ ಮಾಡುತ್ತಿರುವುದು ರೇಟಿಂಗ್ ಅಲ್ಲ, ಅದು ಆಮೇಲೆ ಬರುತ್ತದೆ. ನಿಮಗೆ ಅವರ ಕೆಲಸ ಗೊತ್ತು. ಆದರೆ ಈ ಮೂರು ಪುಟವನ್ನು ಅವರ ಮುಖವನ್ನೇ ನೋಡದ ಯಾರೋ ಓದುತ್ತಾರೆ. ನಿಮ್ಮ ಮೇಲಿನವರು, ಎಲ್ಲ ತಂಡಗಳ ರೇಟಿಂಗನ್ನು ಒಟ್ಟಿಗೆ ಕೂತು ಹೋಲಿಸುವವರು, ಮುಂದಿನ ವರ್ಷ ನಿಮ್ಮ ಜಾಗಕ್ಕೆ ಬರುವವರು. ಅಂಥ ಓದುಗ ಪ್ರತಿ ಸಾಲಿನ ಮುಂದೆ "ಹೌದಾ? ಹೇಗೆ ಗೊತ್ತು?" ಎಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ಅವನಿಗಿಂತ ಮೊದಲು ನೀವು ಕೇಳಿಬಿಟ್ಟರೆ ಅವರಿಗೆ ಲಾಭ.

ಈಗ ಆ 19 ದಿನದ ಸಾಲಿಗೆ ಬರೋಣ. ಇಡೀ ಡ್ರಾಫ್ಟಿನಲ್ಲಿ ಇದೇ ಅತ್ಯಂತ ಬೆಲೆಬಾಳುವ ಸಾಲು. ಸುಲಭವಾಗಿ ಬಿದ್ದುಹೋಗುವ ಸಾಲೂ ಇದೇ.

ಮೊದಲ ಪ್ರಶ್ನೆ: ಯಾವುದರಿಂದ ಯಾವುದರವರೆಗಿನ ದಿನ ಇದು? ಬಿಲ್ ಕೈಗೆ ಬಂದ ದಿನದಿಂದ ಅದು ಪರಿಶೀಲನೆ ಮುಗಿದು ಪಾವತಿಗೆ ಸಿದ್ಧವಾದ ದಿನದವರೆಗೋ, ಅಥವಾ ಹಣ ನಿಜವಾಗಿ ಹೋದ ದಿನದವರೆಗೋ? ಇದು ಕೂದಲು ಸೀಳುವ ಮಾತಲ್ಲ. ಬಿಲ್ ಬೇಗ ಸಿದ್ಧವಾಗುವುದು ಯಾವಾಗಲೂ ಒಳ್ಳೆಯದೇ. ಆದರೆ ಹಣ ಬೇಗ ಹೋಗುವುದು ಯಾವಾಗಲೂ ಒಳ್ಳೆಯದಲ್ಲ. 30 ದಿನದ ಅವಧಿ ಇರುವ ಬಿಲ್ಲಿಗೆ 11ನೇ ದಿನವೇ ಹಣ ಕಳಿಸಿದರೆ, ನಗದು ನೋಡಿಕೊಳ್ಳುವವರು "ಯಾಕಿಷ್ಟು ಅವಸರ?" ಅಂತ ಹುಬ್ಬು ಗಂಟಿಕ್ಕುತ್ತಾರೆ. ಬಹುಶಃ ಅವರು ಇಳಿಸಿದ್ದು ಪರಿಶೀಲನೆಯ ಸಮಯವನ್ನು, ಬರೆಯುವಾಗ "ಪಾವತಿಯ ಸಮಯ" ಅಂದುಬಿಟ್ಟಿದ್ದಾರೆ. ಹಾಗಿದ್ದರೆ ಈ ಒಂದು ಪದದಿಂದ ಒಳ್ಳೆಯ ಸಾಧನೆಯೊಂದು ಪ್ರಶ್ನೆಗೆ ಗುರಿಯಾಗುತ್ತದೆ.

ಎರಡನೆಯದು ಸಾಫ್ಟ್‌ವೇರ್. ಇಲ್ಲಿ ನೀವು ಸರಿಯಾಗಿಯೇ ಅನುಮಾನ ಪಟ್ಟಿದ್ದೀರಿ. ಅನುಮಾನ ಬಂದ ಕೂಡಲೇ ಸಾಲನ್ನು ಹೊಡೆದುಹಾಕಬೇಡಿ, ಹಾಗೆಯೇ ಒಪ್ಪಿಕೊಳ್ಳಲೂ ಬೇಡಿ. ಲೆಕ್ಕ ಹಾಕಿ ನೋಡಬಹುದು. ನಿಮ್ಮ ಅಂಕಿಗಳು ನನ್ನ ಬಳಿ ಇಲ್ಲ. ದಾರಿ ತೋರಿಸಲು ಕೆಲವು ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ನೀವು ನಿಮ್ಮ ದಾಖಲೆಯಿಂದ ತುಂಬಿಕೊಳ್ಳಿ.

ಸಾಫ್ಟ್‌ವೇರ್ ಎಲ್ಲರಿಗೂ ಬಂತು, ಅಲ್ವಾ? ಹಾಗಾದರೆ ತಂಡದ ಉಳಿದವರ ಸಮಯವೂ ಸ್ವಲ್ಪ ಇಳಿದಿರಬೇಕು. ಜನವರಿಯಿಂದ ಜೂನ್‌ವರೆಗೆ ಉಳಿದವರ ಸರಾಸರಿ 18 ದಿನ ಇತ್ತು, ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ 14 ದಿನ ಆಯಿತು ಎಂದುಕೊಳ್ಳಿ. ಅಂದರೆ ಹೊಸ ವ್ಯವಸ್ಥೆಯ ಜೊತೆ ಎಲ್ಲರಿಗೂ ಸಿಕ್ಕ ಇಳಿಕೆ ಸುಮಾರು 4 ದಿನ. ಇವರದ್ದು ಅದೇ ಅವಧಿಯಲ್ಲಿ 8 ದಿನ ಇಳಿದಿದೆ. ವಿವರಣೆ ಬೇಕಾಗಿರುವುದು ಉಳಿದ 4 ದಿನಕ್ಕೆ. ಜುಲೈ ತಿಂಗಳನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಹೊಸ ವ್ಯವಸ್ಥೆ ಬಂದ ತಿಂಗಳಲ್ಲಿ ಅಂಕಿಗಳು ಎತ್ತೆತ್ತಲೋ ಹೋಗುತ್ತವೆ.

ಆ 4 ದಿನ ಎಲ್ಲಿಂದ ಬಂತು ಎಂದು ಅವರನ್ನೇ ಕೇಳಿ. ಡ್ರಾಫ್ಟಿನಲ್ಲಿ ಇಲ್ಲದ ನಿಜವಾದ ಕಥೆ ಸಾಮಾನ್ಯವಾಗಿ ಈ ಪ್ರಶ್ನೆಗೆ ಹೊರಬರುತ್ತದೆ. ಉದಾಹರಣೆಗೆ ಅವರು ಹೀಗೆ ಹೇಳಬಹುದು: "ಪರ್ಚೇಸ್ ಆರ್ಡರ್ ನಂಬರ್ ಇಲ್ಲದೆ ಬಿಲ್ ಕಳಿಸುತ್ತಿದ್ದ ಸರಬರಾಜುದಾರರನ್ನು ಪಟ್ಟಿ ಮಾಡಿ ಫೋನ್ ಮಾಡಿದೆ. ಬಿಲ್ಲಿನಲ್ಲಿ ಏನೇನು ಇರಬೇಕು ಅಂತ ಒಂದು ಪುಟದ ಮಾದರಿ ಕಳಿಸಿದೆ. ಆಮೇಲೆ ವಾಪಸ್ ಹೋಗುವ ಬಿಲ್ ಕಡಿಮೆ ಆಯ್ತು." ಎಷ್ಟು ಕಡಿಮೆ ಆಯಿತು ಎಂದು ಕೇಳಿ. ಮೊದಲು 100ರಲ್ಲಿ 22 ವಾಪಸ್ ಹೋಗುತ್ತಿದ್ದವು, ಈಗ 9 ಅನ್ನೋಣ. ವಾಪಸ್ ಹೋದ ಒಂದು ಬಿಲ್ ತಿದ್ದಿಕೊಂಡು ಮರಳಿ ಬರಲು ಸುಮಾರು 20 ದಿನ ಹೆಚ್ಚು ಹಿಡಿಯುತ್ತದೆ ಎಂದಾದರೆ, 13 ಬಿಲ್‌ಗೆ 260 ದಿನ ಉಳಿಯಿತು. 100 ಬಿಲ್‌ಗೆ ಹಂಚಿದರೆ ಸರಾಸರಿಯಲ್ಲಿ 2.6 ದಿನ. ಅಂದರೆ ಆ 4 ದಿನದಲ್ಲಿ ಎರಡೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿಗೆ ಅವರು ಮಾಡಿದ ಕೆಲಸವೇ ಕಾರಣ ಎಂದು ಕೈ ಇಟ್ಟು ತೋರಿಸಬಹುದು.

ಇದು ವಿಜ್ಞಾನದ ಪ್ರಯೋಗವೇನೂ ಅಲ್ಲ. ಅವರ ಪಾಲಿಗೆ ಬಂದ ಬಿಲ್‌ಗಳು ಬದಲಾಗಿರಬಹುದು. ವರ್ಷದ ನಡುವೆ ತಕರಾರಿನ ಸರಬರಾಜುದಾರರೊಬ್ಬರು ಬೇರೆಯವರ ಪಾಲಿಗೆ ಹೋಗಿದ್ದರೆ ಇವರ ಸರಾಸರಿ ತಾನಾಗಿಯೇ ಇಳಿಯುತ್ತದೆ. ಸರಾಸರಿಯ ಇನ್ನೊಂದು ಚೇಷ್ಟೆಯೂ ಇದೆ. 90 ದಿನದಿಂದ ಸಿಕ್ಕಿಕೊಂಡಿದ್ದ ಹತ್ತು ಹಳೆಯ ಬಿಲ್ ಒಮ್ಮೆ ವಿಲೇವಾರಿ ಆದರೂ ಸಾಕು, ಮುಂದಿನ ತಿಂಗಳ ಅಂಕಿ ಸುಂದರವಾಗಿ ಕಾಣುತ್ತದೆ. ಹಾಗಾಗಿ ಸರಾಸರಿಯ ಜೊತೆಗೆ "100 ಬಿಲ್‌ಗಳಲ್ಲಿ ಎಷ್ಟು 15 ದಿನದೊಳಗೆ ಮುಗಿದವು?" ಎಂದೂ ಕೇಳಿ. ಎರಡೂ ಒಂದೇ ದಿಕ್ಕಿಗೆ ಹೋಗಿದ್ದರೆ ನಂಬಬಹುದು.

ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ದಿನ ಇಳಿದದ್ದರಿಂದ ಯಾರಿಗೆ ಏನಾಯಿತು? "ನನ್ನ ಹಣ ಯಾವಾಗ ಬರುತ್ತೆ?" ಎನ್ನುವ ಫೋನ್ ಕಡಿಮೆ ಆಯಿತಾ? ತಡ ಪಾವತಿಯ ದಂಡ ತಪ್ಪಿತಾ? ಕೆಲವು ಸರಬರಾಜುದಾರರು 10 ದಿನದೊಳಗೆ ಹಣ ಕೊಟ್ಟರೆ ಶೇ. 2 ರಿಯಾಯಿತಿ ಕೊಡುತ್ತಾರೆ. ಅಂಥ ಬಿಲ್‌ಗಳ ಮಟ್ಟಿಗೆ 11 ದಿನದ ಸರಾಸರಿ ಏನನ್ನೂ ಹೇಳುವುದಿಲ್ಲ. ಅವುಗಳಲ್ಲಿ ಎಷ್ಟು 10ನೇ ದಿನದೊಳಗೆ ಮುಗಿದವು ಎಂಬುದೊಂದೇ ಮುಖ್ಯ. ಅವರು ಆ ಬಿಲ್‌ಗಳನ್ನು ಬೇರೆ ಮಾಡಿ ಮೊದಲು ಮುಗಿಸುತ್ತಿದ್ದರೆ ಅದೇ ದೊಡ್ಡ ಸುದ್ದಿ. ಅದು ಡ್ರಾಫ್ಟಿನಲ್ಲಿ ಇಲ್ಲವೇ ಇಲ್ಲದಿರಬಹುದು. ದಿನನಿತ್ಯ ಮಾಡುವ ಕೆಲಸ ಬರೆಯುವಾಗ ಕಾಣಿಸುವುದಿಲ್ಲ.

ಇಷ್ಟು ಮಾತಾಡಿದ ಮೇಲೆ ಆ ಒಂದು ಸಾಲು ಅವರ ಕೈಯಲ್ಲಿ ಸುಮಾರು ಹೀಗಾಗಬಹುದು:

"ಜೂನ್‌ವರೆಗೆ ನನ್ನ ಬಿಲ್‌ಗಳ ಪರಿಶೀಲನೆಗೆ ಸರಾಸರಿ 19 ದಿನ ಹಿಡಿಯುತ್ತಿತ್ತು. ಆಗಸ್ಟ್ ನಂತರ 11 ದಿನ. ಇದರಲ್ಲಿ ಸುಮಾರು ಅರ್ಧ ಹೊಸ ಸ್ಕ್ಯಾನಿಂಗ್ ವ್ಯವಸ್ಥೆಯಿಂದ ಬಂದದ್ದು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಬರಲು ಕಾರಣ, ತಪ್ಪು ಬಿಲ್ ಕಳಿಸುತ್ತಿದ್ದ ಸರಬರಾಜುದಾರರಿಗೆ ನಾನು ಮಾಡಿಕೊಟ್ಟ ಒಂದು ಪುಟದ ಮಾದರಿ. ವಾಪಸ್ ಹೋಗುವ ಬಿಲ್ 100ಕ್ಕೆ 22ರಿಂದ 9ಕ್ಕೆ ಇಳಿಯಿತು. ಮಾದರಿಯನ್ನು ಈಗ ಇಡೀ ತಂಡ ಬಳಸುತ್ತಿದೆ."

ಮೊದಲಿನ ಸಾಲಿಗಿಂತ ಇದು ಕಡಿಮೆ ಹೇಳಿಕೊಳ್ಳುತ್ತದೆ. ಆದರೆ ಯಾರೂ ಇದನ್ನು ಅಲ್ಲಾಡಿಸಲಾರರು. "ಅರ್ಧ ಸಾಫ್ಟ್‌ವೇರ್‌ನಿಂದ" ಎಂದು ಅವರೇ ಬರೆದಿರುವುದರಿಂದ ಉಳಿದ ಅರ್ಧದ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿ. ಇಲ್ಲದಿದ್ದರೆ ನೀವು ಅವರ ಸಾಧನೆಯನ್ನು ಅರ್ಧಕ್ಕೆ ಕತ್ತರಿಸಿದಿರಿ ಅಂತಲೇ ಅನ್ನಿಸುತ್ತದೆ.

ಎಲ್ಲ ಸಾಲಿಗೂ ಈ ಪರಿ ಲೆಕ್ಕ ಬೇಡ. ಮೂರು ಪುಟದಲ್ಲಿ ಎರಡೋ ಮೂರೋ ಸಾಲಿಗೆ ಮಾಡಿದರೆ ಸಾಕು. ಉಳಿದದ್ದರಲ್ಲಿ ಬಹಳಷ್ಟು "ತಿಂಗಳ ಕೊನೆಯ ಲೆಕ್ಕ ಮುಗಿಸಿದೆ, ಸಭೆಗಳಿಗೆ ಹಾಜರಾದೆ, ಆಡಿಟ್‌ಗೆ ದಾಖಲೆ ಒದಗಿಸಿದೆ" ಎಂಬ ಥರದ್ದು ಇರುತ್ತದೆ. ಅವು ಕೆಲಸದ ಪಟ್ಟಿ. ಒಂದೇ ಪ್ಯಾರಾಕ್ಕೆ ಇಳಿಸಲು ಹೇಳಿ, ಮುಂದೆ ಹೋಗಿ.

ಅಂಕಿಗೆ ಸಿಗದ ಕೆಲಸದ ಬಗ್ಗೆ ಮಾತ್ರ ಸ್ವಲ್ಪ ನಿಧಾನಿಸಿ. "ಇಬ್ಬರು ಹೊಸಬರಿಗೆ ತರಬೇತಿ ಕೊಟ್ಟೆ" ಎಂದಿದ್ದರೆ ಎಷ್ಟು ಗಂಟೆ ಅಂತ ಕೇಳಬೇಡಿ. ಆ ಇಬ್ಬರು ಈಗ ಇವರನ್ನು ಕೇಳದೆ ಏನು ಮಾಡುತ್ತಾರೆ ಎಂದು ಕೇಳಿ. "ವಿದೇಶಿ ಬಿಲ್‌ಗಳನ್ನು ಸೆಪ್ಟೆಂಬರ್‌ನಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ" ಎಂಬುದು ಪುರಾವೆ. ಹಾಗೆಯೇ ಆಗದೇ ಉಳಿದ ಅನಾಹುತ. ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗುವುದನ್ನು ತಡೆದದ್ದು ಯಾವ ವರದಿಯಲ್ಲೂ ಕಾಣುವುದಿಲ್ಲ, ಏಕೆಂದರೆ ಹಣ ಹೋಗಲೇ ಇಲ್ಲ. ತಡೆಹಿಡಿದ ಬಿಲ್‌ಗಳ ಇಮೇಲ್ ಇದ್ದರೆ ಅದನ್ನು ಉಲ್ಲೇಖಿಸಲಿ. ಹೇಗೆ ಗೊತ್ತಾಯಿತು ಎಂಬ ಒಂದು ಸಾಲೂ ಇರಲಿ. ಬಿಲ್ ನಂಬರಿನ ಕೊನೆಗೆ ಒಂದು ಚುಕ್ಕಿಯೋ ಅಡ್ಡಗೆರೆಯೋ ಸೇರಿಕೊಂಡು ಅದೇ ಬಿಲ್ ಹೊಸದರಂತೆ ಮತ್ತೆ ಬಂದಿತ್ತು, ಮೊತ್ತ ಮತ್ತು ದಿನಾಂಕ ಹೋಲಿಸಿದಾಗ ಸಿಕ್ಕಿಬಿತ್ತು ಎಂದು ಬರೆದರೆ, ಓದುವವರಿಗೆ ಆ ಕಣ್ಣಿನ ಬೆಲೆ ತಿಳಿಯುತ್ತದೆ.

ಇನ್ನೊಂದು ಪುಟ್ಟ ಪರೀಕ್ಷೆ. ಅವರು ಬರೆದ ಪ್ರತಿ ಸಾಧನೆಯ ಮುಂದೆ ತಿಂಗಳು ಹಾಕಿ. ಎಲ್ಲವೂ ಅಕ್ಟೋಬರ್ ನಂತರದ್ದೇ ಆಗಿದ್ದರೆ, ಅವರು ವರ್ಷದ ಅಪ್ರೈಸಲ್ ಬರೆದಿಲ್ಲ, ನೆನಪಿರುವ ಮೂರು ತಿಂಗಳದ್ದು ಬರೆದಿದ್ದಾರೆ. ಕ್ಯಾಲೆಂಡರ್, ಕಳಿಸಿದ ಮೇಲ್ ಮತ್ತು ತಿಂಗಳ ವರದಿ ತೆರೆದು ಮೊದಲರ್ಧವನ್ನು ಒಮ್ಮೆ ನೋಡಿ ಎಂದು ಹೇಳಿ. ಸಾಮಾನ್ಯವಾಗಿ ಮರೆತ ಒಂದು ಒಳ್ಳೆಯ ಕೆಲಸ ಸಿಕ್ಕೇ ಸಿಗುತ್ತದೆ.

ಸುಧಾರಣೆಯ ಭಾಗಕ್ಕೆ ಬರೋಣ. "ಪರ್ಫೆಕ್ಷನಿಸ್ಟ್, ಇಲ್ಲ ಅನ್ನೋಕೆ ಬರಲ್ಲ" ಎಂಬುದನ್ನು ಓದಿ ನಗಬೇಡಿ. ಅದು ಹೊಗಳಿಕೆಗೆ ಹಾಕಿದ ವೇಷ ನಿಜ. ಆದರೆ ಜನ ಯಾಕೆ ಹಾಗೆ ಬರೆಯುತ್ತಾರೆ? ಈ ಖಾನೆಯಲ್ಲಿ ಬರೆದದ್ದು ತಮ್ಮ ಸಂಬಳದ ಮೇಲೆ ಬಂದು ಬೀಳುತ್ತದೆ ಎಂಬ ಭಯದಿಂದ. ಆ ಭಯ ಎಷ್ಟೋ ಕಡೆ ಸರಿಯಾಗಿಯೇ ಇದೆ. ಹಾಗಾಗಿ "ಸ್ವಲ್ಪ ಪ್ರಾಮಾಣಿಕವಾಗಿ ಬರೆಯಿರಿ" ಎನ್ನುವ ಮೊದಲು ನಿಮ್ಮ ಕಂಪನಿಯಲ್ಲಿ ಈ ಖಾನೆ ರೇಟಿಂಗ್‌ಗೆ ಸೇರುತ್ತದಾ ಎಂದು ನೀವೇ ತಿಳಿದುಕೊಳ್ಳಿ. ಸೇರುವುದಿಲ್ಲ, ತರಬೇತಿಗೆ ಮಾತ್ರ ಬಳಸುತ್ತಾರೆ ಎಂದಾದರೆ ಅದನ್ನು ಅವರಿಗೆ ಸ್ಪಷ್ಟವಾಗಿ ಹೇಳಿ. ಸೇರುತ್ತದೆ ಎಂದಾದರೆ ಅದನ್ನೂ ಹೇಳಿ. ಆಗ ಎಷ್ಟು ತೆರೆದುಕೊಳ್ಳಬೇಕು ಎಂಬ ತೀರ್ಮಾನ ಅವರದ್ದು. ಸುಮ್ನೆ ಭರವಸೆ ಕೊಟ್ಟು ಬರೆಸಿಕೊಂಡು, ಆಮೇಲೆ ಅದನ್ನೇ ಹಿಡಿದು ಅಂಕ ಕಳೆಯುವುದು ಮೋಸ. ಹಾಗಾದ ತಂಡದಲ್ಲಿ ಮುಂದಿನ ವರ್ಷದಿಂದ ಎಲ್ಲರೂ ಪರ್ಫೆಕ್ಷನಿಸ್ಟ್‌ಗಳೇ ಆಗಿಬಿಡುತ್ತಾರೆ.

ನಿಜವಾದ ಸುಧಾರಣೆಯ ಅಂಶವನ್ನು ಸ್ವಭಾವದ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ವರ್ಷದ ಘಟನೆಗಳಲ್ಲಿ ಸಿಗುತ್ತದೆ. ಅವರಿಗೆ ಈ ಮೂರರಲ್ಲಿ ಒಂದು ಪ್ರಶ್ನೆ ಕೊಡಿ. ಯಾವ ಕೆಲಸ ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ಸಮಯ ತೆಗೆದುಕೊಂಡಿತು? ಯಾವ ಕೆಲಸಕ್ಕಾಗಿ ಬೇರೆಯವರು ನಿಮ್ಮನ್ನು ಕಾಯಬೇಕಾಯಿತು? ಈ ವರ್ಷದ ಯಾವ ನಿರ್ಧಾರವನ್ನು ಮತ್ತೆ ಅವಕಾಶ ಸಿಕ್ಕರೆ ಬೇರೆ ಥರ ಮಾಡುತ್ತೀರಿ? ಎರಡನೆಯ ಪ್ರಶ್ನೆ ಹಿರಿಯರ ಮಟ್ಟಿಗೆ ಜಾಸ್ತಿ ಕೆಲಸ ಮಾಡುತ್ತದೆ.

ತಮಾಷೆ ಎಂದರೆ, ವೇಷ ಹಾಕಿದ ಆ ಸಾಲಿನ ಒಳಗೇ ನಿಜ ಕೂತಿರುವುದುಂಟು. "ಇಲ್ಲ ಅನ್ನೋಕೆ ಬರಲ್ಲ" ಎಂದರೆ ಕೆಲಸದಲ್ಲಿ ನಿಜಕ್ಕೂ ಏನಾಯಿತು? ಬಹುಶಃ ಹೀಗೆ: ತಕರಾರಿನ ಬಿಲ್ ಎಲ್ಲವೂ ಅವರ ಬಳಿಯೇ ಹೋಗುತ್ತಿತ್ತು, ಅವರು ಬೇಡ ಅನ್ನಲಿಲ್ಲ, ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ. ಅವರು ರಜೆ ಹಾಕಿದ ವಾರ ತಿಂಗಳ ಕೊನೆಯ ಲೆಕ್ಕ ಎರಡು ದಿನ ತಡವಾಯಿತು. ನಿಮ್ಮ ಹಾಳೆಯಲ್ಲಿ ಇಂಥದ್ದೊಂದು ಇದ್ದರೆ ಸಾಲು ಹೀಗೆ ಬದಲಾಗಬಹುದು:

"ತಕರಾರಿನ ಬಿಲ್‌ಗಳನ್ನು ಬಗೆಹರಿಸುವ ಕ್ರಮವನ್ನು ನಾನು ಎಲ್ಲೂ ಬರೆದಿಟ್ಟಿಲ್ಲ, ಯಾರಿಗೂ ಒಪ್ಪಿಸಿಲ್ಲ. ಅಕ್ಟೋಬರ್‌ನಲ್ಲಿ ನಾನು ರಜೆಯಲ್ಲಿದ್ದಾಗ ಇದರಿಂದ ತಿಂಗಳ ಲೆಕ್ಕ ಎರಡು ದಿನ ತಡವಾಯಿತು. ಮಾರ್ಚ್ ಒಳಗೆ ಕ್ರಮವನ್ನು ಬರೆದು, ಇಬ್ಬರಿಗೆ ಕಲಿಸಿ, ಏಪ್ರಿಲ್ ತಿಂಗಳ ತಕರಾರುಗಳನ್ನು ಅವರಿಗೇ ಬಿಡುತ್ತೇನೆ. ಇದಕ್ಕೆ ವಾರಕ್ಕೆ ಎರಡು ಗಂಟೆ ಬಿಡುವು ಬೇಕು."

ಏನಾಯಿತು, ಯಾವಾಗ, ಯಾರಿಗೆ ತೊಂದರೆ, ಮುಂದೆ ಏನು, ಅದಕ್ಕೆ ನಿಮ್ಮಿಂದ ಏನು ಬೇಕು ಎಲ್ಲವೂ ಇದರಲ್ಲಿದೆ. ಕೊನೆಯ ವಾಕ್ಯವನ್ನು ಬಿಡಲು ಬಿಡಬೇಡಿ. ಬಿಡುವು ಕೊಡದೆ ಸುಧಾರಣೆ ಕೇಳಿದರೆ ಅದು ಅವರ ಮೇಲೆ ಇನ್ನೊಂದು ಕೆಲಸ ಹೇರಿದಂತೆ. ಇಂಥದ್ದು ಒಂದು ಅಥವಾ ಎರಡು ಸಾಕು. ಐದಾರು ಬರೆದವರೂ ಇರುತ್ತಾರೆ, ತಪ್ಪೊಪ್ಪಿಗೆ ಪತ್ರದ ಹಾಗೆ. ಅವರಿಗೆ ಕಡಿಮೆ ಮಾಡಲು ಹೇಳುವುದೂ ನಿಮ್ಮ ಕೆಲಸ.

ಇಲ್ಲಿ ಒಂದು ಗೆರೆ ಇದೆ, ದಾಟಬೇಡಿ. ನಿಮ್ಮ ಮನಸ್ಸಿನಲ್ಲಿರುವ ದೂರೊಂದನ್ನು ವರ್ಷಪೂರ್ತಿ ಅವರಿಗೆ ಹೇಳಿರದಿದ್ದರೆ, ಈಗ ಅದನ್ನು ಅವರ ಕೈಯಲ್ಲೇ ಬರೆಸಲು ಹೋಗಬೇಡಿ. ಅದು ನಿಮ್ಮ ಖಾನೆಯಲ್ಲಿ ನಿಮ್ಮ ಮಾತಾಗಿ ಬರಬೇಕು. ಅದಕ್ಕೂ ಮೊದಲು ಎದುರು ಕೂತು ಹೇಳಬೇಕು. ಸೆಲ್ಫ್ ಅಪ್ರೈಸಲ್‌ನಲ್ಲಿ ಇರುವುದು ಅವರು ತಮ್ಮನ್ನು ಕಂಡ ಬಗೆ. ಅದು ನಿಮಗಿಂತ ಬೇರೆ ಇರುವುದು ಸಹಜ. ತಾವೇ ಕೊಟ್ಟುಕೊಂಡ ರೇಟಿಂಗ್ ಮತ್ತು ಮೇಲಧಿಕಾರಿ ಕೊಟ್ಟ ರೇಟಿಂಗ್ ಅಷ್ಟಾಗಿ ಹೊಂದುವುದಿಲ್ಲ, ಸಹೋದ್ಯೋಗಿಗಳ ಮತ್ತು ಮೇಲಧಿಕಾರಿಯ ರೇಟಿಂಗ್ ಅದಕ್ಕಿಂತ ಹೆಚ್ಚು ಹೊಂದುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಹ್ಯಾರಿಸ್ ಮತ್ತು ಶಾಬ್ರೋಕ್ 1988ರಲ್ಲೇ ತೋರಿಸಿದ್ದರು. ಅಂತರ ಕಂಡರೆ ಗಾಬರಿ ಬೇಡ. ಮಾತಾಡಬೇಕಾದ ಜಾಗ ಅದೇ.

ಇನ್ನು ಧಾಟಿ. "ಬೇರೆಯವರ ಸಹಕಾರ ಇಲ್ಲದಿದ್ದರೂ ಒಬ್ಬಳೇ" ಎಂಬ ಸಾಲಿನಲ್ಲಿ ಎರಡು ಬೇರೆ ಬೇರೆ ವಿಷಯ ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಅವರು ಮಾಡಿದ ಕೆಲಸ. ಇನ್ನೊಂದು ಅವರ ನೋವು. ಹೊರಗಿನ ಓದುಗನಿಗೆ ನೋವು ಮಾತ್ರ ಕಾಣುತ್ತದೆ, ಕೆಲಸ ಮರೆಯಾಗುತ್ತದೆ. "ಇವರ ಜೊತೆ ಕೆಲಸ ಮಾಡುವುದು ಕಷ್ಟವೇನೋ" ಎಂಬ ಗುಮಾನಿಯೂ ಹುಟ್ಟುತ್ತದೆ. ಎರಡನ್ನೂ ಬೇರೆ ಮಾಡಿ. ಕೆಲಸ ಫಾರ್ಮ್‌ನಲ್ಲಿ ಉಳಿಯಲಿ: "ಸೆಪ್ಟೆಂಬರ್‌ನಲ್ಲಿ ಇಬ್ಬರು ಬೇರೆ ಯೋಜನೆಯಲ್ಲಿದ್ದಾಗ ಅವರ ಪಾಲಿನ ಬಿಲ್‌ಗಳನ್ನೂ ಮೂರು ವಾರ ನೋಡಿಕೊಂಡೆ. ಗಡುವು ತಪ್ಪಲಿಲ್ಲ." ನೋವನ್ನು ನೀವು ಕೇಳಿಸಿಕೊಳ್ಳಿ. "ಸಹಕಾರ ಸಿಗಲಿಲ್ಲ ಅಂದಿದ್ದೀರಿ, ಏನಾಯ್ತು?" ಎಂದು ಕೇಳಿ, ಸುಮ್ಮನಿರಿ. ಅಲ್ಲಿ ನಿಜವಾದ ಸಮಸ್ಯೆ ಇದ್ದರೆ ಅದನ್ನು ಪರಿಹರಿಸಬೇಕಾದವರು ಟೀಮ್ ಲೀಡ್ ಆದ ನೀವೇ. ಸಾಲನ್ನು ಅಳಿಸಿ ಆ ಮಾತುಕತೆಯನ್ನು ಮರೆತುಬಿಟ್ಟರೆ, ಅವರು ಇನ್ನೊಮ್ಮೆ ನಿಮ್ಮ ಬಳಿ ಡ್ರಾಫ್ಟ್ ತರುವುದಿಲ್ಲ.

ಬಣ್ಣದ ಪದಗಳನ್ನು ಹುಡುಕಿ ತೆಗೆಯುವುದು ಸುಲಭದ ಕೆಲಸ. "ಅದ್ಭುತವಾಗಿ, ಅಪಾರ ಶ್ರಮದಿಂದ, ಅತ್ಯಂತ ಯಶಸ್ವಿಯಾಗಿ" ಇವನ್ನು ತೆಗೆದರೆ ವಾಕ್ಯದಲ್ಲಿ ಏನೂ ಕಡಿಮೆ ಆಗದಿದ್ದರೆ ತೆಗೆಯಲಿ. ಪದ ತೆಗೆದ ಮೇಲೆ ವಾಕ್ಯವೇ ಖಾಲಿ ಆದರೆ ಅಲ್ಲಿ ಪುರಾವೆ ಇಲ್ಲ ಎಂದು ಗೊತ್ತಾಗುತ್ತದೆ. "ನಾವು" ಮತ್ತು "ನಾನು" ಕೂಡ ನೋಡಿ. ಎಲ್ಲ ಕಡೆ "ನಾವು" ಇದ್ದರೆ ಅವರ ಪಾಲು ಯಾವುದು ಎಂದು ತಿಳಿಯುವುದಿಲ್ಲ. ಎಲ್ಲ ಕಡೆ "ನಾನು" ಇದ್ದು, ತಂಡದವರಿಗೆ ಅದು ಇಬ್ಬರ ಕೆಲಸ ಎಂದು ಗೊತ್ತಿದ್ದರೆ, ಒಂದು ಸುಳ್ಳು ಇಡೀ ಡ್ರಾಫ್ಟಿನ ಮೇಲಿನ ನಂಬಿಕೆಯನ್ನು ತಿನ್ನುತ್ತದೆ. "ಮಾದರಿಯನ್ನು ನಾನು ಬರೆದೆ, ಖರೀದಿ ವಿಭಾಗದವರು ಅದನ್ನು ಸರಬರಾಜುದಾರರಿಗೆ ತಲುಪಿಸಿದರು" ಎಂದರೆ ಎರಡೂ ಕಡೆ ನ್ಯಾಯ.

ಉಳಿದವರ ಡ್ರಾಫ್ಟ್ ನೋಡುವಾಗ ಇದರ ತದ್ವಿರುದ್ಧವೂ ಸಿಗುತ್ತದೆ: "ಸ್ವಲ್ಪ ಸಹಾಯ ಮಾಡಿದೆ", "ನನ್ನ ಕೈಲಾದಷ್ಟು ಪ್ರಯತ್ನಿಸಿದೆ". ಅದನ್ನು ವಿನಯ ಎಂದು ಮೆಚ್ಚಿ ಬಿಟ್ಟುಬಿಡಬೇಡಿ. ಕ್ರಿಸ್ಟೀನ್ ಎಕ್ಸ್‌ಲಿ ಮತ್ತು ಜಡ್ ಕೆಸ್ಲರ್ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರೀಕ್ಷೆಯಲ್ಲಿ ಅಷ್ಟೇ ಅಂಕ ಪಡೆದಿದ್ದರೂ ಮಹಿಳೆಯರು ತಮ್ಮ ಸಾಧನೆಯನ್ನು ಪುರುಷರಿಗಿಂತ ಕಡಿಮೆಯಾಗಿ ಬಣ್ಣಿಸಿಕೊಂಡರು. ತಮ್ಮ ಅಂಕ ಎಷ್ಟೆಂದು ತಿಳಿಸಿದ ಮೇಲೂ ಆ ಅಂತರ ಹೋಗಲಿಲ್ಲ. ಅಂದರೆ ಧಾಟಿಯನ್ನೇ ಸಾಧನೆಯ ಅಳತೆ ಮಾಡಿಕೊಂಡರೆ ನೀವು ಅಳೆಯುವುದು ಬರೆಯುವ ಧೈರ್ಯವನ್ನು. ಜೋರಾಗಿ ಬರೆದವರಿಗೂ ಮೆಲ್ಲಗೆ ಬರೆದವರಿಗೂ ಪ್ರಶ್ನೆ ಒಂದೇ ಇರಲಿ: ಏನು ಮಾಡಿದಿರಿ, ಏನು ಬದಲಾಯಿತು, ಹೇಗೆ ಗೊತ್ತು?

ಧಾಟಿಗೆ ಸೇರದ, ಆದರೆ ಓದುವಾಗ ಕಣ್ಣಿಡಬೇಕಾದ ಒಂದು ವಿಷಯ. ಸಹೋದ್ಯೋಗಿಯ ತಪ್ಪು ಹೆಸರು ಸಮೇತ, ಯಾರದ್ದೋ ಆರೋಗ್ಯ, ಸರಬರಾಜುದಾರರ ಬ್ಯಾಂಕ್ ವಿವರ ಇಂಥದ್ದೇನಾದರೂ ಇದ್ದರೆ ತೆಗೆಸಿ. ಈ ಫಾರ್ಮ್ ಫೈಲಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಹೇಳುವುದು ಹೇಗೆ? ಡ್ರಾಫ್ಟನ್ನು ನೀವೇ ತಿದ್ದಿ ಬರೆಯಬೇಡಿ. ಮೇಲೆ ನಾನು ಕೊಟ್ಟ ಸಾಲುಗಳನ್ನೂ ಅವರ ಮುಂದಿಡಬೇಡಿ, ಅವು ನಿಮಗೆ ಗುರಿ ತಿಳಿಯಲಿ ಎಂದು ಬರೆದದ್ದು. ಅಂಚಿನಲ್ಲಿ ಪ್ರಶ್ನೆಗಳನ್ನು ಮಾತ್ರ ಬರೆಯಿರಿ, ಐದಾರಕ್ಕಿಂತ ಹೆಚ್ಚು ಬೇಡ. ಕಾಗುಣಿತ ತಿದ್ದಲು ಹೋದರೆ ಅವರ ಕಣ್ಣು ಅಲ್ಲೇ ನಿಲ್ಲುತ್ತದೆ. ಮೊದಲ ಪ್ರಶ್ನೆ ಅವರ ಅತ್ಯುತ್ತಮ ಕೆಲಸದ ಬಗ್ಗೆ ಇರಲಿ. "ಈ 11 ದಿನ ನನಗೆ ಬಹಳ ಮುಖ್ಯ ಅನ್ನಿಸ್ತು. ಸಾಫ್ಟ್‌ವೇರ್ ಬಂದದ್ದರಿಂದ ಆಯ್ತು ಅಂತ ಯಾರಾದರೂ ಕೇಳಿದರೆ ಏನು ಹೇಳ್ತೀರಿ?" ಎಂದು ಕೇಳಿ. ನೀವು ಅವರ ಪಕ್ಕದಲ್ಲಿ ನಿಂತು ಕೇಳುತ್ತಿದ್ದೀರಿ ಎಂಬುದು ಈ ಮಾತಿನಲ್ಲೇ ಗೊತ್ತಾಗುತ್ತದೆ. ಸಹಕಾರದ ಸಾಲನ್ನು ಮಾತ್ರ ಕಾಮೆಂಟ್‌ನಲ್ಲಿ ಹಾಕಬೇಡಿ, ಎದುರಿಗೆ ಮಾತಾಡಿ. ಅಂಕಿ ಹುಡುಕಲು, ಮತ್ತೆ ಬರೆಯಲು ಮೂರು ನಾಲ್ಕು ದಿನ ಕೊಡಿ. ಗಡುವಿನ ಹಿಂದಿನ ಸಂಜೆ ಇವನ್ನೆಲ್ಲ ಕಳಿಸಿದರೆ ಯಾರಾದರೂ "ಆಯ್ತು" ಎಂದು ಹಳೆಯದನ್ನೇ ಸಬ್‌ಮಿಟ್ ಮಾಡುತ್ತಾರೆ.

ಇಷ್ಟಾದ ಮೇಲೂ ಅವರು "ಪೂರ್ತಿ 8 ದಿನ ನನ್ನದೇ" ಎಂದು ಉಳಿಸಿಕೊಂಡರೆ ಬಿಡಿ, ಅದು ಅವರ ಖಾನೆ. ನಿಮ್ಮ ಖಾನೆಯಲ್ಲಿ ತಂಡದ 18 ಮತ್ತು 14ರ ಅಂಕಿಯನ್ನು ಇಟ್ಟು, ನಿಮ್ಮ ಲೆಕ್ಕದಲ್ಲಿ ಅವರ ಪಾಲು ಎಷ್ಟು ಎಂದು ಬರೆಯಿರಿ. ಹಾಗೆ ಬರೆಯಲಿದ್ದೀರಿ ಎಂದು ಅವರು ಸಬ್‌ಮಿಟ್ ಮಾಡುವ ಮೊದಲೇ ತಿಳಿಸಿ.